ಮೂರು ಸ್ಟ್ರೈಕ್ ಬಿದ್ದು ಯೂಟ್ಯೂಬ್ ಚಾನೆಲ್ ಹೋದ ಮೇಲೆ: ಮೇಲ್ಮನವಿ ಹೇಗೆ, ಹೊಸ ಚಾನೆಲ್ ಯಾವಾಗ?

ಚಾನೆಲ್ ಹೋದ ದಿನ ತುಂಬ ಜನ ಮಾಡುವ ಮೊದಲ ಕೆಲಸ ಒಂದೇ: ಇನ್ನೊಂದು ಜಿಮೇಲ್ ಖಾತೆ ತೆರೆದು, ಹಳೆಯ ಹೆಸರಿನ ಕೊನೆಗೆ ‘2.0’ ಸೇರಿಸಿ, ಅದೇ ವಿಡಿಯೋಗಳನ್ನು ಮತ್ತೆ ಹಾಕುವುದು. ಮಾಡಬಾರದ್ದು ಅದನ್ನೇ. ಚಾನೆಲ್ ರದ್ದಾದವರು ಬೇರೆ ಯಾವ ಚಾನೆಲನ್ನೂ ತೆರೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಬಳಸುವಂತಿಲ್ಲ ಎಂದು ಯೂಟ್ಯೂಬ್ ನಿಯಮ ಹೇಳುತ್ತದೆ. ಹೊಸದಾಗಿ ತೆರೆದದ್ದು ಇವತ್ತಲ್ಲ ನಾಳೆ ಹೋಗುತ್ತದೆ. ಅದು ಹೋಗುವಾಗ, ಹಳೆಯದನ್ನು ಉಳಿಸಿಕೊಳ್ಳಲು ನೀವು ಹೇಳಬೇಕಿದ್ದ ಮಾತಿನ ತೂಕವೂ ಕಡಿಮೆಯಾಗುತ್ತದೆ.

ನ್ಯಾಯವಾಗಿ ಉಳಿಯುವ ದಾರಿಗಳು ಎರಡು. ಮೊದಲನೆಯದು ಮೇಲ್ಮನವಿ: ಗೆದ್ದರೆ ಹಳೆಯ ಚಾನೆಲ್ಲೇ ವಾಪಸ್ ಬರುತ್ತದೆ. ಎರಡನೆಯದು, ರದ್ದಾಗಿ ಒಂದು ವರ್ಷ ಕಳೆದ ಮೇಲೆ ಹೊಸ ಚಾನೆಲ್‌ಗೆ ಅರ್ಜಿ. ಈ ಎರಡನೆಯ ದಾರಿಯನ್ನು ಯೂಟ್ಯೂಬ್ ಪ್ರಕಟಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ರದ್ದು ಎಂದರೆ ಆಜೀವ ಗಡೀಪಾರು ಎಂದೇ ಅರ್ಥವಾಗಿತ್ತು. ಹಾಗಾಗಿ ಹಳೆಯ ವಿಡಿಯೋಗಳಲ್ಲಿ ಸಿಗುವ ಸಲಹೆಗಳನ್ನು ಅನುಸರಿಸುವ ಮೊದಲು ಅವು ಯಾವ ವರ್ಷದವು ಎಂದು ನೋಡಿಕೊಳ್ಳಿ.

ಹೆಜ್ಜೆ 1: ಯಾವ ಕಾರಣಕ್ಕೆ ಹೋಯಿತು ಎಂದು ಖಚಿತಪಡಿಸಿಕೊಳ್ಳಿ

ಚಾನೆಲ್ ರದ್ದಾದಾಗ ಅದರ ಖಾತೆಗೆ ಕಾರಣ ತಿಳಿಸುವ ಇಮೇಲ್ ಬರುತ್ತದೆ. ಇನ್‌ಬಾಕ್ಸ್‌ನಲ್ಲಿ ಇಲ್ಲದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ. ಕಳುಹಿಸಿದವರ ವಿಳಾಸ `@youtube.com` ಅಥವಾ `@google.com` ಎಂದು ಮುಗಿಯಬೇಕು. ಬೇರೆ ರೀತಿ ಮುಗಿದಿದ್ದರೆ ಅದರೊಳಗಿನ ಲಿಂಕ್ ಒತ್ತಬೇಡಿ. ‘ನಿಮ್ಮ ಚಾನೆಲ್ ರದ್ದಾಗಲಿದೆ, ಇಲ್ಲಿ ಲಾಗಿನ್ ಆಗಿ’ ಎಂದು ಹೆದರಿಸಿ ಪಾಸ್‌ವರ್ಡ್ ಕದಿಯುವುದು ಹಳೆಯ ದಂಧೆ. ನಿಜ ಗೊತ್ತಾಗಬೇಕಾದರೆ ಬ್ರೌಸರ್‌ನಲ್ಲಿ `studio.youtube.com` ಎಂದು ನೀವೇ ಟೈಪ್ ಮಾಡಿ ಒಳಗೆ ಹೋಗಿ.

ರದ್ದಾಗುವುದರಲ್ಲೂ ಬಗೆಗಳಿವೆ, ನಿಮ್ಮದು ಯಾವುದು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಯೂಟ್ಯೂಬ್‌ನ ನಡವಳಿಕೆಯ ನಿಯಮಗಳಾದ ಕಮ್ಯುನಿಟಿ ಗೈಡ್‌ಲೈನ್ಸ್ ಮುರಿದದ್ದಕ್ಕೆ 90 ದಿನಗಳೊಳಗೆ ಮೂರು ಸ್ಟ್ರೈಕ್ ಬೀಳುವುದು ಒಂದು ಬಗೆ, ಈ ಬರಹ ಮುಖ್ಯವಾಗಿ ಅದರ ಬಗ್ಗೆಯೇ. ಒಂದೇ ಒಂದು, ಆದರೆ ಘೋರವಾದ ಉಲ್ಲಂಘನೆಗೆ ಅಥವಾ ಇಡೀ ಚಾನೆಲ್ಲೇ ದ್ವೇಷ, ಕಿರುಕುಳ, ನಕಲಿ ಗುರುತಿನಂಥದ್ದಕ್ಕೆ ಮೀಸಲಾಗಿದ್ದರೆ ಸ್ಟ್ರೈಕ್ ಎಣಿಸದೆ ನೇರವಾಗಿ ರದ್ದು ಮಾಡುವುದೂ ಉಂಟು. ಕಾಪಿರೈಟ್ ಸ್ಟ್ರೈಕ್‌ಗಳ ಲೆಕ್ಕ ಪೂರ್ತಿ ಬೇರೆ: ಅಲ್ಲಿಯೂ ಮೂರೇ, ಆದರೆ ಎರಡೂ ಪಟ್ಟಿಗಳನ್ನು ಕೂಡಿಸುವುದಿಲ್ಲ. ಎರಡು ಕಾಪಿರೈಟ್ ಸ್ಟ್ರೈಕಿಗೆ ಒಂದು ಗೈಡ್‌ಲೈನ್ಸ್ ಸ್ಟ್ರೈಕ್ ಸೇರಿದರೆ ಮೂರಾಗುವುದಿಲ್ಲ. ಕಾಪಿರೈಟ್‌ನಿಂದ ಹೋದವರು ಹಕ್ಕುದಾರರಿಂದ ದೂರನ್ನು ಹಿಂತೆಗೆಸಬೇಕು, ಇಲ್ಲವೇ ಆ ದೂರು ತಪ್ಪು ಎಂದು ತಿಳಿಸುವ ಕೌಂಟರ್ ನೋಟಿಸ್ ಸಲ್ಲಿಸಬೇಕು. ಕೆಳಗಿನ ಹೆಜ್ಜೆಗಳು ಅವರಿಗಲ್ಲ.

ಇನ್ನೊಂದು ಸಂದರ್ಭವನ್ನು ಮರೆಯಬಾರದು. ನೀವು ಹಾಕದೇ ಇರುವ ವಿಡಿಯೋಗಳು, ಗೊತ್ತೇ ಇಲ್ಲದ ಲೈವ್, ಬದಲಾದ ಚಾನೆಲ್ ಹೆಸರು ಕಂಡರೆ ಯಾರೋ ಖಾತೆಗೆ ನುಗ್ಗಿದ್ದಾರೆ ಎಂದರ್ಥ. ಆಗ ಮೊದಲು ಗೂಗಲ್ ಖಾತೆಯನ್ನು ಮರಳಿ ಪಡೆದು, ಪಾಸ್‌ವರ್ಡ್ ಬದಲಿಸಿ, ಆಮೇಲೆ ಮೇಲ್ಮನವಿಗೆ ಬನ್ನಿ. ಕಳ್ಳ ಒಳಗಿರುವಾಗಲೇ ಚಾನೆಲ್ ವಾಪಸ್ ಬಂದರೆ ಮರುದಿನ ಮತ್ತೆ ಹೋಗುತ್ತದೆ.

ಹೆಜ್ಜೆ 2: 90 ದಿನದ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಚಾನೆಲ್ ಇದೆ ಎಂದುಕೊಳ್ಳೋಣ. ಮೊಬೈಲ್ ಮತ್ತು ಆಪ್‌ಗಳ ಬಗ್ಗೆ ವಿಡಿಯೋ ಮಾಡುವಂಥದ್ದು.

ಜನವರಿ 3ರಂದು ಅದರ ಒಂದು ವಿಡಿಯೋ ತೆಗೆದುಹಾಕಲ್ಪಡುತ್ತದೆ. ಹಣ ಕಟ್ಟಿ ನೋಡಬೇಕಾದ ಸೇವೆಯನ್ನು ಪುಕ್ಕಟೆಯಾಗಿ ನೋಡುವ ಉಪಾಯ ಅದರಲ್ಲಿತ್ತು. ಯೂಟ್ಯೂಬ್ ಇದನ್ನು ಹಾನಿಕರ ಮತ್ತು ಅಪಾಯಕಾರಿ ವಿಷಯಗಳ ನೀತಿಯಡಿ ನಿಷೇಧಿಸಿದೆ. ಮೊದಲ ತಪ್ಪಿಗೆ ಸಾಮಾನ್ಯವಾಗಿ ಬರುವುದು ಬರೀ ಎಚ್ಚರಿಕೆ, ಸ್ಟ್ರೈಕ್ ಅಲ್ಲ. ಆ ನೀತಿಯ ಕುರಿತ ಪುಟ್ಟ ತರಬೇತಿಯನ್ನು ಮುಗಿಸಿದರೆ 90 ದಿನಗಳ ನಂತರ ಎಚ್ಚರಿಕೆಯೂ ಅಳಿಸಿಹೋಗುತ್ತದೆ. ಚಾನೆಲ್‌ನವರು ತರಬೇತಿ ಮುಗಿಸಿದರು. ಏಪ್ರಿಲ್ 3ರವರೆಗೆ ಅದೇ ನೀತಿಯನ್ನು ಮತ್ತೆ ಮುರಿಯದಿದ್ದರೆ ಪಾಟಿ ಸ್ವಚ್ಛವಾಗುತ್ತಿತ್ತು.

ಆದರೆ ಫೆಬ್ರವರಿ 1ರಂದು ಅದೇ ಬಗೆಯ ಇನ್ನೊಂದು ವಿಡಿಯೋ ಸಿಕ್ಕಿಬಿತ್ತು. ಅದೇ ನೀತಿ, 90 ದಿನದೊಳಗೆ. ಹಾಗಾಗಿ ಎಚ್ಚರಿಕೆ ಉಳಿಯಿತು, ಮೊದಲ ಸ್ಟ್ರೈಕೂ ಬಿತ್ತು. ಒಂದು ವಾರ ವಿಡಿಯೋ ಹಾಕುವಂತಿಲ್ಲ, ಲೈವ್ ಬರುವಂತಿಲ್ಲ, ಪೋಸ್ಟ್ ಬರೆಯುವಂತಿಲ್ಲ. ಫೆಬ್ರವರಿ 8ಕ್ಕೆ ಆ ನಿರ್ಬಂಧ ಮುಗಿಯಿತು. ಸ್ಟ್ರೈಕ್ ಮುಗಿಯಲಿಲ್ಲ. ಈ ಎರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ಅಪ್‌ಲೋಡ್ ಬಟನ್ ವಾಪಸ್ ಬಂದ ಕೂಡಲೇ ‘ಸ್ಟ್ರೈಕ್ ಹೋಯಿತು’ ಎನ್ನುತ್ತಾರೆ. ಸ್ಟ್ರೈಕ್ ಬಿದ್ದ ದಿನದಿಂದ 90 ದಿನ, ಅಂದರೆ ಮೇ 2ರವರೆಗೆ, ಅದು ಚಾನೆಲ್ಲಿನ ತಲೆಯ ಮೇಲೆ ಇದ್ದೇ ಇರುತ್ತದೆ. ಗಾಬರಿಯಿಂದ ಆ ಬಗೆಯ ಹಳೆಯ ವಿಡಿಯೋಗಳನ್ನೆಲ್ಲ ಅಳಿಸಿದರೂ ಬಿದ್ದ ಸ್ಟ್ರೈಕ್ ಏಳುವುದಿಲ್ಲ.

ಮಾರ್ಚ್ 10ರಂದು ಎರಡನೆಯದು. ಈ ಬಾರಿ ವಿಡಿಯೋದಲ್ಲಿ ಏನೂ ಇರಲಿಲ್ಲ. ಅದರ ಕೆಳಗಿನ ವಿವರಣೆಯಲ್ಲಿ, ತಿದ್ದಿದ ಕಳ್ಳ ಆಪ್ ಸಿಗುವ ತಾಣದ ಲಿಂಕ್ ಇತ್ತು. ವಿಡಿಯೋದಲ್ಲಿ ತೋರಿಸಬಾರದ್ದಕ್ಕೆ ಲಿಂಕ್ ಕೊಡುವುದೂ ಉಲ್ಲಂಘನೆಯೇ. ಎರಡನೇ ಸ್ಟ್ರೈಕಿಗೆ ನಿರ್ಬಂಧ ಎರಡು ವಾರ, ಮಾರ್ಚ್ 24ರವರೆಗೆ. ಈ ಸ್ಟ್ರೈಕ್ ಅಳಿಯುವುದು ಜೂನ್ 8ಕ್ಕೆ. ಪ್ರತಿ ಸ್ಟ್ರೈಕಿನ 90 ದಿನ ಅದರದರದ್ದೇ. ಎರಡನೆಯದು ಬಿದ್ದರೆ ಮೊದಲನೆಯದರ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುವುದಿಲ್ಲ.

ಏಪ್ರಿಲ್ 28ರಂದು ಮೂರನೆಯದು, ಎರಡು ವರ್ಷ ಹಿಂದೆ ಹಾಕಿದ್ದ ವಿಡಿಯೋಗೆ. ನಕಲಿ ಬ್ಯಾಂಕ್ ಲಾಗಿನ್ ಪುಟದಿಂದ ಹೇಗೆ ಮೋಸ ಮಾಡುತ್ತಾರೆ ಎಂದು ಎಚ್ಚರಿಸುವ ವಿಡಿಯೋ ಅದು. ವಿಡಿಯೋ ಹಳೆಯದಾದರೂ ಸ್ಟ್ರೈಕಿನ ದಿನ ಹೊಸದು, ಲೆಕ್ಕಕ್ಕೆ ಬರುವುದು ಅದೇ. ಮೊದಲ ಸ್ಟ್ರೈಕ್ ಅಳಿಯಲು ನಾಲ್ಕು ದಿನ ಬಾಕಿ ಇತ್ತು. ಇದೇ ಸ್ಟ್ರೈಕ್ ಮೇ 5ಕ್ಕೆ ಬಿದ್ದಿದ್ದರೆ ಚಾನೆಲ್ ಎರಡು ಸ್ಟ್ರೈಕಿನೊಂದಿಗೆ ಬದುಕಿರುತ್ತಿತ್ತು. ಏಪ್ರಿಲ್ 28ಕ್ಕೆ ಬಿದ್ದದ್ದರಿಂದ ಇಡೀ ಚಾನೆಲ್ ಹೋಯಿತು.

ನಿಮ್ಮ ಚಾನೆಲ್ಲಿಗೂ ಇದೇ ರೀತಿ ಪಟ್ಟಿ ಮಾಡಿ: ಯಾವ ದಿನ, ಯಾವ ವಿಡಿಯೋ, ಯಾವ ನೀತಿ, ಎಂದಿಗೆ ಅಳಿಯಬೇಕಿತ್ತು. ಪ್ರತಿ ಸ್ಟ್ರೈಕಿನ ಇಮೇಲಿನಲ್ಲೂ ಈ ವಿವರ ಇರುತ್ತದೆ.

ಹೆಜ್ಜೆ 3: ಮೂರರಲ್ಲಿ ಯಾವುದು ದುರ್ಬಲ ಎಂದು ಹುಡುಕಿ

ನನ್ನ ಅಭಿಪ್ರಾಯದಲ್ಲಿ ಮೇಲ್ಮನವಿಯ ಜೀವ ಇರುವುದು ಇಲ್ಲೇ. ಮೂರೂ ಸ್ಟ್ರೈಕ್ ತಪ್ಪು ಎಂದು ವಾದಿಸಲು ಹೋಗಬೇಡಿ. ರದ್ದತಿ ನಿಂತಿರುವುದು ಮೂರು ಎಂಬ ಎಣಿಕೆಯ ಮೇಲೆ. ಒಂದು ಸ್ಟ್ರೈಕ್ ತೆಗೆದುಹಾಕಲ್ಪಟ್ಟರೆ ಉಳಿಯುವುದು ಎರಡೇ. ಸರಿಯಾಗಿಯೇ ಬಿದ್ದ ಸ್ಟ್ರೈಕನ್ನೂ ಸೇರಿಸಿ ‘ಎಲ್ಲವೂ ಅನ್ಯಾಯ’ ಎಂದು ಬರೆದರೆ, ನಿಜವಾಗಿ ಅನ್ಯಾಯವಾದದ್ದೂ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ಮೊದಲನೆಯದನ್ನು ಸಮರ್ಥಿಸುವಂತಿಲ್ಲ. ಎರಡನೆಯದೂ ಕಷ್ಟ, ‘ಲಿಂಕ್ ಬೇರೆಯವರದ್ದು’ ಎಂಬ ಮಾತು ನಡೆಯುವುದಿಲ್ಲ. ಮೂರನೆಯದರಲ್ಲಿ ಹುರುಳಿದೆ. ಶಿಕ್ಷಣ, ಸಾಕ್ಷ್ಯಚಿತ್ರ, ವಿಜ್ಞಾನ, ಕಲೆ ಈ ನಾಲ್ಕರಲ್ಲಿ ಯಾವುದಾದರೊಂದು ಉದ್ದೇಶವಿದ್ದು, ಆ ಸಂದರ್ಭ ವಿಡಿಯೋದಲ್ಲೇ ಸ್ಪಷ್ಟವಾಗಿ ಕಾಣುತ್ತಿದ್ದರೆ ಯೂಟ್ಯೂಬ್ ಕೆಲವು ವಿಷಯಗಳಿಗೆ ವಿನಾಯಿತಿ ಕೊಡುತ್ತದೆ. ‘ವಿಡಿಯೋದಲ್ಲೇ’ ಎಂಬ ಮಾತು ಮುಖ್ಯ. ‘ಇದು ಶಿಕ್ಷಣಕ್ಕಾಗಿ ಮಾತ್ರ’ ಎಂದು ವಿವರಣೆಯ ಕೆಳಗೆ ಒಂದು ಸಾಲು ಅಂಟಿಸಿದರೆ ಅದು ಶಿಕ್ಷಣವಾಗುವುದಿಲ್ಲ. ಮೋಸದ ಪುಟ ತಯಾರಿಸುವುದನ್ನು ಕಲಿಸಿದ್ದೀರೋ, ಗುರುತಿಸುವುದನ್ನು ಕಲಿಸಿದ್ದೀರೋ ಎಂಬುದೇ ಪ್ರಶ್ನೆ. ಪುಟದ ಕೋಡ್ ತೋರಿಸಿದ್ದರೆ, ಅದು ಸಿಗುವ ಜಾಗ ಹೇಳಿದ್ದರೆ ವಾದ ಅಲ್ಲಿಗೇ ಮುಗಿಯಿತು.

ನಿಮ್ಮ ಬಳಿ ಇರುವ ಮೂಲ ಫೈಲನ್ನು ತೆರೆದು, ಆ ವಿಡಿಯೋವನ್ನು ಕಾಗದ ಪೆನ್ನು ಹಿಡಿದು ಪೂರ್ತಿ ನೋಡಿ. ಎಷ್ಟನೇ ನಿಮಿಷದಲ್ಲಿ ಏನು ಹೇಳಿದ್ದೀರಿ ಎಂದು ಬರೆದುಕೊಳ್ಳಿ. ನೀತಿಯ ಪುಟವನ್ನೂ ಪಕ್ಕದಲ್ಲಿ ತೆರೆದಿಡಿ. ಅದರಲ್ಲಿ ನಿಷೇಧಿತ ವಿಷಯಗಳ ಉದಾಹರಣೆಗಳಿರುತ್ತವೆ. ನಿಮ್ಮ ವಿಡಿಯೋ ಆ ಉದಾಹರಣೆಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ ಎಂದು ತೋರಿಸಲು ಸಾಧ್ಯವೇ? ಪ್ರಾಮಾಣಿಕವಾಗಿ ಇಲ್ಲ ಎನಿಸಿದರೆ ಮೇಲ್ಮನವಿಯ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಒಂದು ವರ್ಷದ ದಾರಿಗೆ ಸಿದ್ಧರಾಗಿ.

ಹೆಜ್ಜೆ 4: ಮೇಲ್ಮನವಿ ಬರೆಯಿರಿ

ರದ್ದಾದ ಚಾನೆಲ್ಲಿನ ಅದೇ ಗೂಗಲ್ ಖಾತೆಯಿಂದ, ಕಂಪ್ಯೂಟರಿನಲ್ಲಿ, ಯೂಟ್ಯೂಬ್ ಸ್ಟುಡಿಯೋಗೆ ಹೋಗಿ. ಚಾನೆಲ್ ರದ್ದಾಗಿದೆ ಎಂಬ ಸೂಚನೆಯ ಜೊತೆಗೆ ಮೇಲ್ಮನವಿ ಆರಂಭಿಸುವ ಆಯ್ಕೆ ಕಾಣುತ್ತದೆ. ರದ್ದಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬಹುದು. ಸಮಯ ಸಾಕಷ್ಟಿದೆ, ಆದ್ದರಿಂದ ಅಳುತ್ತಾ, ಸಿಟ್ಟಿನಲ್ಲಿ, ರಾತ್ರಿ ಎರಡು ಗಂಟೆಗೆ ಬರೆಯಬೇಡಿ. ಎರಡನೇ ಅವಕಾಶ ಸಿಗುವುದಿಲ್ಲ ಎಂದುಕೊಂಡೇ ಬರೆಯಿರಿ. ಪದೇ ಪದೇ ಕಳುಹಿಸಿದರೆ ಕೆಲಸ ಬೇಗ ಆಗುವುದಿಲ್ಲ.

ಸಾಮಾನ್ಯವಾಗಿ ಜನ ಬರೆಯುವುದು ಹೀಗಿರುತ್ತದೆ: ‘ಸರ್, ಐದು ವರ್ಷ ಕಷ್ಟಪಟ್ಟು ಕಟ್ಟಿದ ಚಾನೆಲ್. ಇದೇ ನನ್ನ ಜೀವನ. ಬೇರೆಯವರೂ ಇಂಥ ವಿಡಿಯೋ ಹಾಕುತ್ತಾರೆ, ಅವರದ್ದೇಕೆ ಹೋಗಿಲ್ಲ? ದಯವಿಟ್ಟು ವಾಪಸ್ ಕೊಡಿ.’ ಸಂಕಟ ನಿಜವಿರಬಹುದು, ಆದರೆ ಓದುವವರು ತೀರ್ಮಾನಿಸಬೇಕಾದ ಪ್ರಶ್ನೆಗೆ ಇದರಲ್ಲಿ ಒಂದು ಅಕ್ಷರದಷ್ಟೂ ಉತ್ತರವಿಲ್ಲ. ಪ್ರಶ್ನೆ ಇಷ್ಟೇ: ಆ ವಿಡಿಯೋ ಆ ನೀತಿಯನ್ನು ಮುರಿದಿದೆಯೋ ಇಲ್ಲವೋ.

ನಮ್ಮ ಉದಾಹರಣೆಯ ಚಾನೆಲ್‌ನವರು ಬರೆಯಬೇಕಾದದ್ದು ಹೆಚ್ಚುಕಡಿಮೆ ಹೀಗೆ:

‘ಏಪ್ರಿಲ್ 28ರ ಸ್ಟ್ರೈಕಿನ ಮರುಪರಿಶೀಲನೆ ಕೋರುತ್ತೇನೆ. ಆ ವಿಡಿಯೋ ನಕಲಿ ಲಾಗಿನ್ ಪುಟವನ್ನು ಗುರುತಿಸುವ ಬಗ್ಗೆ ಇದೆ. 0:20ರಲ್ಲಿ ಉದ್ದೇಶ ಹೇಳಲಾಗಿದೆ. 2:10ರಿಂದ 3:40ರವರೆಗೆ ನಕಲಿ ಪುಟದ ಚಿತ್ರ ತೋರಿಸಿ, ವಿಳಾಸದಲ್ಲಿನ ವ್ಯತ್ಯಾಸವನ್ನು ವಿವರಿಸಲಾಗಿದೆ. ಪುಟ ತಯಾರಿಸುವ ವಿಧಾನ, ಕೋಡ್, ಲಿಂಕ್ ಯಾವುದೂ ವಿಡಿಯೋದಲ್ಲಾಗಲಿ ವಿವರಣೆಯಲ್ಲಾಗಲಿ ಇಲ್ಲ. 4:05ರಲ್ಲಿ ಮೋಸಹೋದವರು ಏನು ಮಾಡಬೇಕೆಂದು ಹೇಳಲಾಗಿದೆ. ಫೆಬ್ರವರಿ 1 ಮತ್ತು ಮಾರ್ಚ್ 10ರ ಸ್ಟ್ರೈಕ್‌ಗಳನ್ನು ಒಪ್ಪುತ್ತೇನೆ. ಆ ಬಗೆಯ ಉಳಿದ ವಿಡಿಯೋಗಳನ್ನೂ ಲಿಂಕ್‌ಗಳನ್ನೂ ಮಾರ್ಚ್‌ನಲ್ಲೇ ತೆಗೆದಿದ್ದೇನೆ.’

ಒಪ್ಪಿಕೊಂಡರೆ ಸೋತಂತೆ ಎಂದು ಕೆಲವರು ಹೆದರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡನ್ನು ಒಪ್ಪಿದವರು ಮೂರನೆಯದನ್ನು ಮಾತ್ರ ಪ್ರಶ್ನಿಸಿದಾಗ ಓದುವವರ ಗಮನ ನೇರ ಅಲ್ಲಿಗೇ ಹೋಗುತ್ತದೆ. ಆದರೆ ಮಾಡದೇ ಇದ್ದದ್ದನ್ನು ಮಾಡಿದ್ದೇನೆ ಎಂದು ಬರೆಯಬೇಡಿ. ತೆಗೆದಿದ್ದೇನೆ ಎಂದ ವಿಡಿಯೋಗಳು ಇನ್ನೂ ಅಲ್ಲೇ ಇದ್ದರೆ ಅದನ್ನು ಕಂಡುಹಿಡಿಯುವುದು ಅವರಿಗೆ ಕ್ಷಣದ ಕೆಲಸ.

ಹೆಜ್ಜೆ 5: ಉತ್ತರ ಬರುವವರೆಗೆ ಕೈ ಕಟ್ಟಿ ಕೂರಿ

ಈ ಅವಧಿಯಲ್ಲಿ ಮಾಡಬಾರದ್ದೇ ಹೆಚ್ಚು. ರದ್ದತಿ ನಿಮ್ಮ ಒಂದು ಚಾನೆಲ್ಲಿಗೆ ಮಾತ್ರ ಅಂಟಿಕೊಂಡಿರುವುದಿಲ್ಲ, ನಿಮಗೂ ಅಂಟುತ್ತದೆ. ನಿಮ್ಮದೇ ಇತರ ಚಾನೆಲ್‌ಗಳು, ಹೊಸದಾಗಿ ತೆರೆಯುವವು, ನೀವು ಪದೇ ಪದೇ ಅಥವಾ ಪ್ರಮುಖವಾಗಿ ಕಾಣಿಸಿಕೊಳ್ಳುವ ಬೇರೆಯವರ ಚಾನೆಲ್‌ಗಳು ಎಲ್ಲವೂ ಈ ನಿಯಮದೊಳಗೆ ಬರುತ್ತವೆ. ತಮ್ಮನ ಹೆಸರಿನಲ್ಲಿ ಚಾನೆಲ್ ತೆರೆದು ಮುಂದೆ ನೀವೇ ಕುಳಿತು ಮಾತಾಡಿದರೆ ಅದು ತಮ್ಮನ ಚಾನೆಲ್ ಆಗಿ ಉಳಿಯುವುದಿಲ್ಲ. ಅವನಿಗೂ ತೊಂದರೆ ಕಟ್ಟಿಟ್ಟ ಬುತ್ತಿ. ಸ್ಟ್ರೈಕಿನ ಒಂದು ವಾರ, ಎರಡು ವಾರದ ನಿರ್ಬಂಧದ ಸಮಯದಲ್ಲೂ ಬೇರೆ ಚಾನೆಲ್ಲಿನಿಂದ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ಅಷ್ಟಕ್ಕೇ ಚಾನೆಲ್ ರದ್ದಾಗಬಹುದು.

‘ಯೂಟ್ಯೂಬ್‌ನಲ್ಲಿ ನನಗೆ ಗೊತ್ತಿರುವವರಿದ್ದಾರೆ, ಇಷ್ಟು ಹಣ ಕೊಡಿ, ಚಾನೆಲ್ ವಾಪಸ್ ತರುತ್ತೇನೆ’ ಎನ್ನುವವರು ಈ ಹೊತ್ತಿಗೇ ಬರುತ್ತಾರೆ. ನೀವು ಎಕ್ಸ್‌ನಲ್ಲಿ ನಿಮ್ಮ ಗೋಳು ಬರೆದ ಹತ್ತೇ ನಿಮಿಷಕ್ಕೆ ಉತ್ತರಿಸುವವರಲ್ಲಿ ಅರ್ಧ ಇಂಥವರೇ. ಅಲ್ಲಿ ಯೂಟ್ಯೂಬ್‌ನ ಅಧಿಕೃತ ಖಾತೆ `@TeamYouTube`. ಅದು ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ, ಹಣ ಕೇಳುವುದಿಲ್ಲ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಬೇಸರದಿಂದ ಆ ಗೂಗಲ್ ಖಾತೆಯನ್ನೋ, ಚಾನೆಲನ್ನೋ ಅಳಿಸಬೇಡಿ. ಯಾಕೆ ಎಂಬುದು ಮುಂದಿನ ಹೆಜ್ಜೆಯಲ್ಲಿದೆ.

ಮೇಲ್ಮನವಿ ಗೆದ್ದರೆ ಚಾನೆಲ್ ಮರಳಿ ಬರುತ್ತದೆ. ಬಂದ ದಿನವೇ ಸ್ಟುಡಿಯೋದಲ್ಲಿ ಎಷ್ಟು ಸ್ಟ್ರೈಕ್ ಉಳಿದಿದೆ, ಎಂದಿಗೆ ಅಳಿಯುತ್ತದೆ ಎಂದು ನೋಡಿ. ಬರಬೇಕಿದ್ದ ಜಾಹೀರಾತಿನ ಹಣದ ಬಗ್ಗೆ ಮಾತ್ರ ಭರವಸೆ ಬೇಡ: ರದ್ದಾದ ಚಾನೆಲ್ಲಿನ ಪಾವತಿಯಾಗದ ಹಣವನ್ನು ತಡೆಹಿಡಿದು ಜಾಹೀರಾತುದಾರರಿಗೆ ಮರಳಿಸುವ ಅಧಿಕಾರವನ್ನು ಯೂಟ್ಯೂಬ್ ಇಟ್ಟುಕೊಂಡಿದೆ.

ಹೆಜ್ಜೆ 6: ಒಂದು ವರ್ಷದ ನಂತರ ಹೊಸ ಚಾನೆಲ್‌ಗೆ ಅರ್ಜಿ

ಮೇಲ್ಮನವಿಯಲ್ಲಿ ಸೋತವರಿಗೆ, ರದ್ದಾಗಿ ಒಂದು ವರ್ಷ ಕಳೆದ ಮೇಲೆ ಈ ದಾರಿ ತೆರೆಯುತ್ತದೆ. ಹಳೆಯ ಖಾತೆಯಿಂದಲೇ ಕಂಪ್ಯೂಟರಿನಲ್ಲಿ ಸ್ಟುಡಿಯೋಗೆ ಹೋದಾಗ, ಅರ್ಹರಿಗೆ ಹೊಸ ಚಾನೆಲ್ ಕೋರುವ ಆಯ್ಕೆ ಕಾಣುತ್ತದೆ. ಖಾತೆ ಅಳಿಸಬೇಡಿ ಎಂದದ್ದು ಇದಕ್ಕೇ. ತಾವೇ ಚಾನೆಲ್ ಅಥವಾ ಗೂಗಲ್ ಖಾತೆಯನ್ನು ಅಳಿಸಿದವರು ಈ ಅರ್ಜಿ ಹಾಕುವಂತಿಲ್ಲ ಎಂದು ಯೂಟ್ಯೂಬ್ ಯೋಜನೆ ಪ್ರಕಟಿಸುವಾಗಲೇ ಹೇಳಿತ್ತು. ಕಾಪಿರೈಟ್‌ನಿಂದ ರದ್ದಾದವರಿಗೂ, ಯೂಟ್ಯೂಬ್‌ನ ಒಳಗಾಗಲಿ ಹೊರಗಾಗಲಿ ಸೃಷ್ಟಿಕರ್ತರ ಹೊಣೆಗಾರಿಕೆಯ ನಿಯಮ ಮುರಿದವರಿಗೂ ಇದು ಇಲ್ಲ.

ಅರ್ಜಿ ಹಾಕಿದವರಿಗೆಲ್ಲ ಸಿಗುವುದೂ ಇಲ್ಲ. ಉಲ್ಲಂಘನೆ ಎಷ್ಟು ತೀವ್ರವಾಗಿತ್ತು, ಎಷ್ಟು ಪಟ್ಟುಹಿಡಿದು ಮಾಡಿದ್ದಾಗಿತ್ತು, ಆ ವ್ಯಕ್ತಿಯ ನಡೆಯಿಂದ ಬೇರೆಯವರಿಗೆ, ಅದರಲ್ಲೂ ಮಕ್ಕಳಿಗೆ, ಹಾನಿಯಾಗಿತ್ತೇ ಅಥವಾ ಮುಂದೆ ಆಗಬಹುದೇ ಎಂದು ನೋಡುತ್ತಾರೆ. ಈ ಒಂದು ವರ್ಷದಲ್ಲಿ ನಾಲ್ಕು ಕಳ್ಳ ಚಾನೆಲ್ ತೆರೆದು, ನಾಲ್ಕೂ ರದ್ದಾಗಿದ್ದರೆ ‘ಪಟ್ಟುಹಿಡಿದು’ ಎಂಬ ಮಾತಿಗೆ ನೀವೇ ಸಾಕ್ಷಿ ಒದಗಿಸಿದಂತೆ.

ಒಪ್ಪಿಗೆ ಸಿಕ್ಕರೂ ಅದು ಹಳೆಯ ಚಾನೆಲ್ ಅಲ್ಲ. ಚಂದಾದಾರರು ಬರುವುದಿಲ್ಲ, ಸೊನ್ನೆಯಿಂದ ಶುರು. ಹಣ ಗಳಿಸಲು ಪಾರ್ಟ್‌ನರ್ ಪ್ರೋಗ್ರಾಮ್‌ಗೆ ಮತ್ತೆ ಅರ್ಹತೆ ಗಳಿಸಬೇಕು: ಜಾಹೀರಾತಿನ ಹಣಕ್ಕೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಆದರೆ ಹಳೆಯ ವಿಡಿಯೋಗಳನ್ನು ಮತ್ತೆ ಹಾಕಬಹುದು, ಅವು ಇವತ್ತಿನ ನಿಯಮಗಳಿಗೆ ಹೊಂದಿದರೆ. ಹಾಕುವ ಮೊದಲು ಶೀರ್ಷಿಕೆ, ಥಂಬ್‌ನೇಲ್, ವಿವರಣೆಯ ಲಿಂಕ್‌ಗಳನ್ನು ಒಂದೊಂದಾಗಿ ನೋಡಿ. ವಿವರಣೆಯನ್ನು ಹಳೆಯದರಿಂದ ಹಾಗೇ ನಕಲು ಮಾಡಿ ಅಂಟಿಸಿದರೆ ಮಾರ್ಚ್ 10ರ ಲಿಂಕೂ ಜೊತೆಗೇ ಬರುತ್ತದೆ.

ಈಗಾಗಲೇ ಒಂದೋ ಎರಡೋ ಸ್ಟ್ರೈಕ್ ಇದ್ದು, ಚಾನೆಲ್ ಇನ್ನೂ ಉಳಿದಿರುವವರಿಗೆ

ಇಲ್ಲಿಯವರೆಗೆ ಓದಿದ ನಿಮ್ಮಲ್ಲಿ ಕೆಲವರು ಈ ಸ್ಥಿತಿಯಲ್ಲಿರಬಹುದು. ನಿಮ್ಮ ಕೈಯಲ್ಲಿ ರದ್ದಾದವರಿಗಿಂತ ಒಳ್ಳೆಯ ಅಸ್ತ್ರವಿದೆ: ಪ್ರತಿ ಸ್ಟ್ರೈಕಿಗೂ, ಅದು ಬಿದ್ದ 90 ದಿನದೊಳಗೆ, ಪ್ರತ್ಯೇಕವಾಗಿ ಒಂದು ಮೇಲ್ಮನವಿ. ಸೋತರೆ ಹೆಚ್ಚಿನ ಶಿಕ್ಷೆಯಿಲ್ಲ. ಗೆದ್ದರೆ ವಿಡಿಯೋ ವಾಪಸ್ ಬಂದು ಸ್ಟ್ರೈಕ್ ಹೋಗುತ್ತದೆ; ಕೆಲವೊಮ್ಮೆ ವಿಡಿಯೋಗೆ ವಯಸ್ಸಿನ ಮಿತಿ ಹಾಕಿ ಸ್ಟ್ರೈಕ್ ಮಾತ್ರ ತೆಗೆಯುತ್ತಾರೆ, ಅದನ್ನೂ ಗೆಲುವೆಂದೇ ಎಣಿಸಿ. ‘ಒಂದೇ ತಾನೆ, ತಾನಾಗಿ ಅಳಿಯುತ್ತದೆ’ ಎಂದು ಬಿಟ್ಟವರೇ ಮೂರನೆಯದು ಬಿದ್ದಾಗ ಹಿಂದಿನ ಇಮೇಲ್ ಹುಡುಕುವುದು.

ಅದಕ್ಕೂ ಮೊದಲು, ಇವತ್ತೇ, `takeout.google.com`ಗೆ ಹೋಗಿ ನಿಮ್ಮ ವಿಡಿಯೋಗಳನ್ನು ಇಳಿಸಿಕೊಳ್ಳಿ. ಮೂಲ ಫೈಲ್ ಇಲ್ಲದವರು ಮೂರನೇ ಸ್ಟ್ರೈಕಿನ ನಂತರ ‘2:10ರಲ್ಲಿ ನಾನು ಏನು ಹೇಳಿದ್ದೆ’ ಎಂದು ನೆನಪಿನಿಂದ ಬರೆಯಬೇಕಾಗುತ್ತದೆ. ಆಮೇಲೆ ನಿಮ್ಮ ಸ್ಟ್ರೈಕ್‌ಗಳು ಯಾವ ನೀತಿಯಡಿ ಬಿದ್ದಿವೆಯೋ ಆ ಪುಟವನ್ನು ಓದಿ, ಅದೇ ಬಗೆಯ ಹಳೆಯ ವಿಡಿಯೋಗಳನ್ನು ಪ್ರೈವೇಟ್ ಮಾಡುವ ಬದಲು ಅಳಿಸಿಬಿಡಿ. ಯೂಟ್ಯೂಬ್‌ನ ನಿಯಮಗಳು ಪ್ರೈವೇಟ್ ಮತ್ತು ಅನ್‌ಲಿಸ್ಟೆಡ್ ವಿಡಿಯೋಗಳಿಗೂ ಅನ್ವಯಿಸುತ್ತವೆ.